2026-27ರ ಕರಡು ಬಜೆಟ್ ಸಲ್ಲಿಕೆ: ತರಬೇತಿ ಮತ್ತು ವಿಸ್ತರಣಾ ವಿಭಾಗ

ಇಂದ: ಹಣಕಾಸು ಅಧಿಕಾರಿ
ಗೆ: ನಿರ್ದೇಶಕರು
ಸ್ಥಳ: ಕಲಬುರಗಿ
ದಿನಾಂಕ: 12-12-2025
ವಿಷಯ: ತರಬೇತಿ ಮತ್ತು ವಿಸ್ತರಣಾ ವಿಭಾಗದ (ಮಣ್ಣು ಪರೀಕ್ಷಾ ಲ್ಯಾಬ್ ಸೇರಿ) ಕರಡು ಬಜೆಟ್ ಮತ್ತು ಮುಖ್ಯ ಬದಲಾವಣೆಗಳು

ಮೇಡಂ, ನಮಸ್ಕಾರ.

ಕರಡು ಬಜೆಟ್ ಈ ಮೆಮೋ ಜೊತೆ ಇಟ್ಟಿದ್ದೇನೆ. ಒಟ್ಟು 2 ಕೋಟಿ 37 ಲಕ್ಷ. ಈ ವರ್ಷ ಮಂಜೂರಾಗಿದ್ದು 2 ಕೋಟಿ 20 ಲಕ್ಷ, ಅಂದರೆ 17 ಲಕ್ಷ ಜಾಸ್ತಿ ಕೇಳುತ್ತಿದ್ದೇವೆ. ಇದರಲ್ಲಿ ಹತ್ತೂವರೆ ಲಕ್ಷ ಕಾಯಂ ನೌಕರರ ಸಂಬಳ ಮತ್ತು ಹೊರಗುತ್ತಿಗೆ ಬಿಲ್ಲಿಗೇ ಹೋಗುತ್ತದೆ, ಅದನ್ನು ನಾವು ಮುಟ್ಟೋ ಹಾಗಿಲ್ಲ. ನಮ್ಮ ಕೈಯಲ್ಲಿರೋ ಖರ್ಚು ಏರಿದ್ದು ಆರೂವರೆ ಲಕ್ಷ ಮಾತ್ರ. ಆದರೆ ಆ ಕಡೆ ಒಳಗೊಳಗೇ ಬಹಳ ಬದಲಾಗಿದೆ. ಲ್ಯಾಬಿಗೆ ಏಳೂವರೆ ಲಕ್ಷ ಜಾಸ್ತಿ ಕೊಟ್ಟಿದ್ದೇನೆ, ಮುದ್ರಣದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕತ್ತರಿಸಿದ್ದೇನೆ. ಸೋಮವಾರದ ಸಭೆಯಲ್ಲಿ ಎಲ್ಲರೂ ಜಗಳ ತೆಗೆಯೋದು ಇದಕ್ಕೇ, ಆದ್ದರಿಂದ ಮೊದಲೇ ನಿಮಗೆ ಕಾರಣ ಹೇಳಿಬಿಡುತ್ತೇನೆ.

ಲ್ಯಾಬಿನಿಂದ ಶುರು ಮಾಡುತ್ತೇನೆ. ಈ ಬಜೆಟ್ಟಿನಲ್ಲಿ ನೀವು ಒಂದೇ ಒಂದು ಪುಟ ಓದೋದಾದರೆ ಅದನ್ನೇ ಓದಿ.

ತೊಗರಿ ರಾಶಿ ಮುಗಿದು ಹೊಲ ಖಾಲಿ ಆದಮೇಲೆ ರೈತರು ಮಣ್ಣು ತರುತ್ತಾರೆ. ಆಳಂದ, ಚಿಂಚೋಳಿ, ಜೇವರ್ಗಿ ಕಡೆಯಿಂದ ಬರೋ ಚೀಲಗಳು ಏಪ್ರಿಲ್‌ನಿಂದ ಜೂನ್ ಒಳಗೇ ರಾಶಿ ಬೀಳುತ್ತವೆ. ಮಳೆ ಬಿದ್ದ ಮೇಲೆ ಬಿತ್ತನೆ, ಆಮೇಲೆ ಯಾರಿಗೆ ಬೇಕು ವರದಿ? ಆದರೆ ನಮಗೆ ಹಣ ಬರೋದು ನಾಲ್ಕು ಸಮ ಕಂತಿನಲ್ಲಿ. ಅದೂ ಮೊದಲ ಕಂತು ಏಪ್ರಿಲ್ ಒಂದಕ್ಕೆ ಬಂದ ಉದಾಹರಣೆ ನನಗಂತೂ ನೆನಪಿಲ್ಲ. ಈ ವರ್ಷ ಮೇ ಮೂರನೇ ವಾರಕ್ಕೆ ರಾಸಾಯನಿಕ ಮುಗಿಯಿತು. ಸುಮಾರು 1,100 ಚೀಲ ಮಣ್ಣು ಲ್ಯಾಬಿನ ವರಾಂಡದಲ್ಲಿ ಹಾಗೇ ಬಿದ್ದಿತ್ತು, ಕೆಲವು ಚೀಲದ ಮೇಲಿನ ಚೀಟಿ ಮಳೆಯ ಎರಚಲಿಗೆ ನೆನೆದು ಸರ್ವೆ ನಂಬರೇ ಅಳಿಸಿಹೋಗಿತ್ತು. ಅವುಗಳ ವರದಿ ಕೊಟ್ಟಿದ್ದು ಜುಲೈ ಕೊನೆಗೆ, ಅಷ್ಟರಲ್ಲಿ ತೊಗರಿ ಮೊಳಕೆ ಬಂದು ಮೊಣಕಾಲು ಎತ್ತರ ಆಗಿತ್ತು. ವರ್ಷದ ಕೊನೆಯಲ್ಲಿ ನಮ್ಮ ಪುಸ್ತಕದಲ್ಲಿ ಲ್ಯಾಬಿನ ಖರ್ಚು ನೂರಕ್ಕೆ ನೂರು ಆಗಿದೆ ಅಂತ ಚೆನ್ನಾಗೇ ಕಾಣುತ್ತದೆ. ರೈತನಿಗೆ ಅದರಿಂದ ಬಂದಿದ್ದೇನು?

ಹಾಗಾಗಿ ಎರಡು ಕೆಲಸ ಮಾಡಿದ್ದೇನೆ. ಮೊತ್ತವನ್ನು 14 ಲಕ್ಷದಿಂದ 21.50 ಲಕ್ಷಕ್ಕೆ ಏರಿಸಿದ್ದೇನೆ. ರಾಸಾಯನಿಕಕ್ಕೆ 9 ಇದ್ದದ್ದು 13 ಲಕ್ಷ, ಯಾಕೆಂದರೆ ಗುರಿ 6,000 ಮಾದರಿಯಿಂದ 8,000ಕ್ಕೆ ಹೋಗಿದೆ. ಮಾದರಿಯೊಂದಕ್ಕೆ 150 ರೂಪಾಯಿ ಇದ್ದದ್ದು 162 ಆಗುತ್ತದೆ ಅಷ್ಟೇ, ಅದೇನೂ ದುಬಾರಿ ಅಲ್ಲ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ನೋಡೋ ಯಂತ್ರದ ನಿರ್ವಹಣಾ ಒಪ್ಪಂದ, ಅಸಿಟಿಲೀನ್ ಸಿಲಿಂಡರ್ ಮತ್ತು ಲ್ಯಾಂಪ್‌ಗಳಿಗೆ 3 ಲಕ್ಷದ ಬದಲು 4.50 ಲಕ್ಷ. ಪ್ರತಿ ಧಾತುವಿಗೂ ಬೇರೆ ಬೇರೆ ಲ್ಯಾಂಪ್ ಬೇಕು, ಸತುವಿನದು ಈಗಲೇ ಮಿಣಮಿಣ ಅನ್ನುತ್ತಿದೆ ಅಂತ ಲ್ಯಾಬಿನವರು ಹೇಳುತ್ತಾರೆ. ಯುಪಿಎಸ್ ಬ್ಯಾಟರಿಗೆ 1 ಲಕ್ಷ, ಎರಡು ಏಸಿಗೆ 1 ಲಕ್ಷ, ಚಿಲ್ಲರೆ ಖರ್ಚಿಗೆ ಹಿಂದಿನಂತೆ 2 ಲಕ್ಷ. ಏಸಿ ಅಂದ ತಕ್ಷಣ ಆಡಿಟ್‌ನವರು ಹುಬ್ಬು ಹಾರಿಸುತ್ತಾರೆ. ನಮ್ಮೂರ ಮೇ ತಿಂಗಳ ಬಿಸಿಲಲ್ಲಿ ಆ ಯಂತ್ರ ಏಸಿ ಇಲ್ಲದೆ ನಡೆಯೋದಿಲ್ಲ ಅಂತ ಅಡಿಟಿಪ್ಪಣಿಯಲ್ಲೇ ಬರೆದಿದ್ದೇನೆ. ಲ್ಯಾಬಿನವರು ಕೊಟ್ಟ ಕೊಟೇಶನ್ ಆಗಸ್ಟ್ ತಿಂಗಳದು, ಅದರಲ್ಲಿ ಏಸಿಗೆ 28 ಪರ್ಸೆಂಟ್ ಜಿಎಸ್‌ಟಿ ಹಾಕಿತ್ತು. ಸೆಪ್ಟೆಂಬರ್ 22ರಿಂದ ಅದು 18 ಪರ್ಸೆಂಟ್ ಆಗಿದೆ. ಹೊಸ ದರದಲ್ಲಿ ಲೆಕ್ಕ ಹಾಕಿದ್ದೇನೆ, ಒಂದಕ್ಕೆ ನಾಲ್ಕು ಸಾವಿರದಷ್ಟು ಉಳಿಯುತ್ತದೆ.

ಎರಡನೇ ಕೆಲಸ ನಿಮ್ಮಿಂದ ಆಗಬೇಕು. ರಾಸಾಯನಿಕದ 13 ಲಕ್ಷದಲ್ಲಿ ಅರ್ಧ ಮೊದಲ ಕಂತಿನಲ್ಲೇ ಬಿಡುಗಡೆ ಆಗಲಿ ಅಂತ ಮುಖ್ಯ ಕಚೇರಿಗೆ ನಿಮ್ಮ ಸಹಿಯಲ್ಲಿ ಪತ್ರ ಹೋಗಲಿ. ಕರಡು ಪತ್ರ ಅನುಬಂಧ 4ರಲ್ಲಿದೆ. ನಾನು ಬರೆದರೆ ಅದು ಗುಮಾಸ್ತರ ಮೇಜಿನ ಮೇಲೆ ಮಲಗುತ್ತದೆ. ನೀವು ಬರೆದು ಒಂದು ಫೋನ್ ಕೂಡ ಮಾಡಿದರೆ ಕೆಲಸ ಆಗುತ್ತದೆ. ಇದು ಆಗದಿದ್ದರೆ 21.50 ಲಕ್ಷ ಮಂಜೂರಾದರೂ ಮುಂದಿನ ಮೇ ತಿಂಗಳಲ್ಲಿ ಮತ್ತೆ ಅದೇ ವರಾಂಡ, ಅದೇ ಚೀಲ.

ಇನ್ನು ಮುದ್ರಣ ಮತ್ತು ಪ್ರಚಾರ. 7.50 ಲಕ್ಷ ಇದ್ದದ್ದನ್ನು 3.20ಕ್ಕೆ ಇಳಿಸಿದ್ದೇನೆ. ವಿಸ್ತರಣಾ ವಿಭಾಗದ ಮುಖ್ಯಸ್ಥರು 8 ಲಕ್ಷ ಕೇಳಿದ್ದರು, ಅವರು ನಿಮ್ಮ ಹತ್ತಿರ ಬರೋದು ಖಚಿತ. ಬಂದರೆ ದಯವಿಟ್ಟು ಅವರನ್ನು ಕರೆದುಕೊಂಡು ಉಗ್ರಾಣಕ್ಕೆ ಹೋಗಿ. ತೊಗರಿ ನೆಟೆ ರೋಗದ ಕರಪತ್ರ, ಬೀಜೋಪಚಾರದ ಮಡಿಕೆಪತ್ರ, ಎರಡು ವರ್ಷದ ಹಿಂದಿನ ಕ್ಯಾಲೆಂಡರ್, ಎಲ್ಲ ಕಟ್ಟಿದ ಹಗ್ಗ ಬಿಚ್ಚದೆ ಹಾಗೇ ಇವೆ. ಕೆಳಗಿನ ಕಟ್ಟುಗಳಿಗೆ ಗೆದ್ದಲು ಹತ್ತಿದೆ. ತರಬೇತಿಗೆ ಬಂದವರು ಗೋಡೆಯ ಪೋಸ್ಟರ್‌ನ ಫೋಟೋ ಹೊಡೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ, ಕರಪತ್ರವನ್ನು ಬಸ್ಸಲ್ಲೇ ಬಿಟ್ಟುಹೋಗುತ್ತಾರೆ. ದೊಡ್ಡ ಅಕ್ಷರದ ಪೋಸ್ಟರ್ ಮತ್ತು ಮಣ್ಣಿನ ವರದಿ ಕಾರ್ಡು, ಈ ಎರಡಕ್ಕೆ ಮಾತ್ರ ಹಣ ಇಟ್ಟಿದ್ದೇನೆ. ಸ್ಮಾರ್ಟ್‌ಫೋನ್ ಇಲ್ಲದ ರೈತರ ಮಾತು ಅವರು ಎತ್ತಬಹುದು, ಅದು ನ್ಯಾಯವೇ. ಬೇಕಾದರೆ 50 ಸಾವಿರ ಸೇರಿಸೋಣ, ಆದರೆ ಹಳೇ ದಾಸ್ತಾನು ಖಾಲಿ ಆದಮೇಲೆ.

ಜೀಪಿನ ವಿಷಯ ಸ್ವಲ್ಪ ಕಹಿ. ನೀವು ಹೊಸದು ಕೇಳಿದ್ದಿರಿ. ಕರಡಿನಲ್ಲಿ ಅದಿಲ್ಲ. ನಮ್ಮದು 2011ರ ಆಗಸ್ಟ್‌ನಲ್ಲಿ ನೋಂದಣಿ ಆದದ್ದು, 2026ರ ಆಗಸ್ಟ್‌ಗೆ 15 ವರ್ಷ ತುಂಬುತ್ತದೆ. ಸರ್ಕಾರಿ ವಾಹನಗಳಿಗೆ 15 ವರ್ಷ ದಾಟಿದ ಮೇಲೆ ನೋಂದಣಿ ನವೀಕರಣ ಇಲ್ಲ ಅನ್ನೋ ನಿಯಮ 2023ರ ಏಪ್ರಿಲ್‌ನಿಂದ ಇದೆ, ಅನುದಾನದಲ್ಲಿ ನಡೆಯೋ ನಮಗೂ ಅದೇ ಅನ್ವಯ ಅಂತ ಹಿಡಿದು ಲೆಕ್ಕ ಮಾಡಿದ್ದೇನೆ. ಹೊಸದಕ್ಕೆ ಅನುಮತಿ ಪಡೆದು, ಟೆಂಡರ್ ಮುಗಿಸಿ, ಗಾಡಿ ಕೈಗೆ ಬರೋ ಹೊತ್ತಿಗೆ ವರ್ಷ ಮುಗಿದಿರುತ್ತದೆ. ಅದಕ್ಕೇ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಏಳು ತಿಂಗಳು ಬಾಡಿಗೆ ವಾಹನ, ತಿಂಗಳಿಗೆ 38 ಸಾವಿರ, ಒಟ್ಟು 2.66 ಲಕ್ಷ. ಹಳೇ ಜೀಪಿನ ಡೀಸೆಲ್, ರಿಪೇರಿ, ವಿಮೆಯಲ್ಲಿ 1.16 ಲಕ್ಷ ಉಳಿಯುತ್ತದೆ. ಹೀಗಾಗಿ ವಾಹನ ಮತ್ತು ಪ್ರಯಾಣದ ಬಾಬ್ತು 11 ಲಕ್ಷದಿಂದ 12.50 ಆಗಿದೆ. ಔರಾದ್, ಸುರಪುರದ ಕಡೆ ಹೋಗಿಬರೋಕೆ ಬಾಡಿಗೆ ಗಾಡಿಯೇ ಸಾಕು, ಕೆಟ್ಟು ನಿಂತರೆ ತಲೆನೋವು ಅವರದು. ಡ್ರೈವರನ್ನು ಮಣ್ಣು ಸಂಗ್ರಹದ ವ್ಯಾನಿಗೆ ಹಾಕೋಣ, ಅಲ್ಲಿ ಈಗ ಯಾರೂ ಇಲ್ಲ.

ತರಬೇತಿ ಬಾಬ್ತು 38ರಿಂದ 41 ಲಕ್ಷ. ಇದರಲ್ಲಿ 2.70 ಲಕ್ಷ ಬರೀ ಊಟದ್ದು, ಉಳಿದ 30 ಸಾವಿರ ಹೊರಗಿನಿಂದ ಬರೋ ಉಪನ್ಯಾಸಕರ ಗೌರವಧನ. 50 ತಂಡ, ತಂಡಕ್ಕೆ 30 ಜನ, ಮೂರು ದಿನ, ತಲೆಗೆ ದಿನಕ್ಕೆ 260 ರೂಪಾಯಿ ಇದ್ದದ್ದನ್ನು 320 ಮಾಡಿದ್ದೇನೆ. 260ಕ್ಕೆ ಎರಡು ಚಹಾ, ನಾಷ್ಟಾ, ಎರಡು ಹೊತ್ತಿನ ಊಟ ಕೊಡೋದು ಇವತ್ತಿನ ದರದಲ್ಲಿ ಸಾಧ್ಯ ಇಲ್ಲ. ಕಳೆದ ಟೆಂಡರ್‌ಗೆ ಒಬ್ಬರೇ ಬಂದರು. ಅವರೂ ಈಗ ಮೂರನೇ ದಿನ ಜೋಳದ ರೊಟ್ಟಿ ಎಣಿಸಿ ಬಡಿಸುತ್ತಾರೆ, ತಲೆಗೆ ಎರಡು, ಆಮೇಲೆ ಅನ್ನ. ಹೊಲದಲ್ಲಿ ದುಡಿಯೋ ಮನುಷ್ಯನಿಗೆ ಎರಡು ರೊಟ್ಟಿ ಹಾಕಿ ಮಧ್ಯಾಹ್ನ ಕೀಟನಾಶಕದ ಪಾಠ ಮಾಡಿದರೆ ಯಾರು ಕೇಳುತ್ತಾರೆ ಹೇಳಿ. ಈ ಸಾಲನ್ನು ಮುಖ್ಯ ಕಚೇರಿಯವರು ಕತ್ತರಿಸಲು ನೋಡುತ್ತಾರೆ, ಬಿಡಬೇಡಿ. ಬೇಕಿದ್ದರೆ ತಂಡದ ಸಂಖ್ಯೆ ಎರಡು ಕಮ್ಮಿ ಮಾಡೋಣ, ಊಟದ ದರ ಬೇಡ.

ಹೊರಗುತ್ತಿಗೆಯವರ ಬಾಬ್ತು 31 ಲಕ್ಷದಿಂದ 34.50. ಜನ ಅದೇ 12. ಈ ಲೆಕ್ಕ ಪ್ರತಿ ವರ್ಷ ಪ್ರಶ್ನೆ ಎಬ್ಬಿಸುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಬ್ಬರ ಸಂಬಳ 17,000. ಅದರ ಮೇಲೆ ಪಿಎಫ್‌ಗೆ ನಮ್ಮ ಪಾಲು, ಆಡಳಿತ ಶುಲ್ಕ ಸೇರಿ 15,000ದ ಮಿತಿಯ ಮೇಲೆ 13 ಪರ್ಸೆಂಟ್, ಅಂದರೆ 1,950. ಇಎಸ್‌ಐ 3.25 ಪರ್ಸೆಂಟ್. ಏಜೆನ್ಸಿಯ ಸೇವಾ ಶುಲ್ಕ 2 ಪರ್ಸೆಂಟ್. ಇಷ್ಟರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಎಲ್ಲ ಸೇರಿ ತಲೆಗೆ ತಿಂಗಳಿಗೆ 23,470ರ ಆಸುಪಾಸು, ವರ್ಷಕ್ಕೆ 33.80 ಲಕ್ಷ. ಮಿಕ್ಕ 70 ಸಾವಿರ ರಜೆ ಬದಲಿಗೆ. ಜಿಎಸ್‌ಟಿಯೊಂದೇ ವರ್ಷಕ್ಕೆ 5 ಲಕ್ಷ ದಾಟುತ್ತದೆ. ಕೈಗೆ ಬರೋ ಸಂಬಳ ಮಾತ್ರ ಆ ಹುಡುಗರಿಗೇ ಗೊತ್ತು. ಏಜೆನ್ಸಿ ಪ್ರತಿ ತಿಂಗಳು ಪಿಎಫ್ ಚಲನ್ ಕೊಡದೆ ಬಿಲ್ ಪಾಸ್ ಮಾಡೋದಿಲ್ಲ ಅಂತ ಈ ಸಲ ಷರತ್ತು ಹಾಕುತ್ತಿದ್ದೇನೆ, ನೀವು ಒಪ್ಪಿದರೆ ಸಾಕು.

ಕಾಯಂ ನೌಕರರ ಸಂಬಳ 96ರಿಂದ 103 ಲಕ್ಷ. ಏಳನೇ ವೇತನ ಆಯೋಗದ ಏರಿಕೆ 2024ರ ಆಗಸ್ಟ್‌ನಿಂದಲೇ ಬಂದಿದೆ, ಅದರ ಪೂರ್ತಿ ಭಾರ ಈ ವರ್ಷದ ಬಜೆಟ್ಟಿನಲ್ಲೇ ಇತ್ತು. ಈಗ ಏರಿದ್ದು ವಾರ್ಷಿಕ ಬಡ್ತಿ ಮತ್ತು ತುಟ್ಟಿಭತ್ಯೆ. 371(ಜೆ) ಸ್ಥಳೀಯ ವೃಂದದ ಎರಡು ಖಾಲಿ ಹುದ್ದೆಗೆ ಹಣ ಇಟ್ಟಿಲ್ಲ. ನೇಮಕ ಆದರೆ ಪೂರಕ ಅಂದಾಜಿನಲ್ಲಿ ಕೇಳೋಣ. ಸುಮ್ನೆ ಇಟ್ಟುಕೊಂಡು ಮಾರ್ಚ್‌ನಲ್ಲಿ ವಾಪಸ್ ಮಾಡಿದರೆ ಮುಂದಿನ ಸಲ ಎಲ್ಲದಕ್ಕೂ ಕತ್ತರಿ ಬೀಳುತ್ತದೆ.

ವಿದ್ಯುತ್ ಮತ್ತು ನೀರಿಗೆ 9ರ ಬದಲು 9.80, ಬೇಸಿಗೆಯ ಟ್ಯಾಂಕರ್ ಸೇರಿ. ಕಚೇರಿ ವೆಚ್ಚ ಹಾಗೇ 5.50. ಕಟ್ಟಡ ದುರಸ್ತಿ 8 ಲಕ್ಷದಿಂದ 6ಕ್ಕೆ ಇಳಿದಿದೆ, ನವೆಂಬರ್ ಮುಗಿದರೂ ಖರ್ಚಾಗಿದ್ದು 2.10 ಲಕ್ಷ ಮಾತ್ರ. ಆದರೆ ವಸತಿ ನಿಲಯದ ಮಾಳಿಗೆ ಸೋರಿಕೆಯನ್ನು ಈ ವರ್ಷದ ಉಳಿಕೆಯಲ್ಲೇ ಮುಗಿಸಿಬಿಡಬೇಕು. ಇಂಜಿನಿಯರ್‌ಗೆ ನೀವೇ ಒಂದು ಮಾತು ಹೇಳಿ, ನನ್ನ ಮಾತಿಗೆ ಅಂದಾಜು ಪಟ್ಟಿ ಇನ್ನೂ ಬಂದಿಲ್ಲ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕಳಿಸಿರೋ ಲ್ಯಾಬ್ ಉಪಕರಣದ ಪ್ರಸ್ತಾವನೆಯ ಒಂದು ರೂಪಾಯಿಯನ್ನೂ ಇಲ್ಲಿ ಸೇರಿಸಿಲ್ಲ. ಮಂಜೂರಾದರೆ ಬೇರೆ ಲೆಕ್ಕ. ಕೈಗೆ ಬರದ ಹಣ ನಂಬಿ ಚಿಲ್ಲರೆ ಖರ್ಚು ಕಡಿಮೆ ತೋರಿಸಿ ಅಂತ ಒಬ್ಬರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ.

ಇನ್ನೊಂದು ಸಣ್ಣ ನಿಯಮ ಸೇರಿಸಿದ್ದೇನೆ: ಫೆಬ್ರವರಿ 15 ದಾಟಿದ ಮೇಲೆ ಯಾವ ಹೊಸ ಖರೀದಿ ಆದೇಶವೂ ಇಲ್ಲ, ತುರ್ತು ಇದ್ದರೆ ನಿಮ್ಮ ಸಹಿ ಬೇಕು. ಮಾರ್ಚ್ ಕೊನೇ ವಾರ ಬಿಲ್ಲು ಹಿಡಿದು ನನ್ನ ಬಾಗಿಲಲ್ಲಿ ಸಾಲು ನಿಲ್ಲೋದು ಎಲ್ಲರಿಗೂ ಅಭ್ಯಾಸ ಆಗಿಬಿಟ್ಟಿದೆ.

ಸೋಮವಾರ ಸಭೆಗೆ ಮುಂಚೆ ನಿಮ್ಮಿಂದ ಮೂರು ವಿಷಯಕ್ಕೆ ಹೂಂ ಅಥವಾ ಉಹೂಂ ಬೇಕು: ಕಂತಿನ ಪತ್ರ, ಮುದ್ರಣದ ಕಡಿತ, ಬಾಡಿಗೆ ವಾಹನ. ಮಿಕ್ಕದ್ದು ಸಭೆಯಲ್ಲೇ ಆಗಲಿ. ತಿದ್ದುಪಡಿ ಇದ್ದರೆ ಮಂಗಳವಾರ ಸಂಜೆಯೊಳಗೆ ಹೇಳಿ, ಬುಧವಾರ ಡಿಸೆಂಬರ್ 17ಕ್ಕೆ ಕಡತ ಮುಖ್ಯ ಕಚೇರಿ ತಲುಪಬೇಕು. ನಾಳೆ ಮಧ್ಯಾಹ್ನದವರೆಗೆ ನಾನು ಕಚೇರಿಯಲ್ಲೇ ಇರುತ್ತೇನೆ.

ಅನುಬಂಧ: 1. ಬಾಬ್ತುವಾರು ತಃಖ್ತೆ 2. ಲ್ಯಾಬಿನ ಬೇಡಿಕೆ ಮತ್ತು ಕೊಟೇಶನ್‌ಗಳು 3. ಹೊರಗುತ್ತಿಗೆ ಲೆಕ್ಕ 4. ಕಂತಿನ ಬಿಡುಗಡೆಗೆ ಕರಡು ಪತ್ರ

ಹಣಕಾಸು ಅಧಿಕಾರಿ