ರಕ್ತದಾನ ಅಭಿಯಾನದ ಪರಾಮರ್ಶೆ ವರದಿ: ದಾವಣಗೆರೆ, ಅಕ್ಟೋಬರ್, 2 ದಿನ

ಗುರಿ 400 ಯೂನಿಟ್, ಸಂಗ್ರಹ 231, ಕೊರತೆ 169.

ಯೋಜನೆಯ ತಪ್ಪು (115): ಈ ಶಿಬಿರ ನಡೆದ ಕಾಲೇಜಿನಲ್ಲೇ ಆಗಸ್ಟ್‌ನಲ್ಲೂ ಶಿಬಿರ ನಡೆದಿತ್ತು. ಎರಡು ದಾನಗಳ ನಡುವೆ ಪುರುಷರಿಗೆ 90, ಮಹಿಳೆಯರಿಗೆ 120 ದಿನ ಅಂತರವಿರಬೇಕು. ಹೀಗಾಗಿ 68 ಮಂದಿಯನ್ನು ನೋಂದಣಿ ಮೇಜಿನಿಂದಲೇ ವಾಪಸ್ ಕಳಿಸಬೇಕಾಯಿತು. ಹಿಂದಿನ ದಾನದ ದಿನಾಂಕವನ್ನು ನೋಂದಣಿ ಫಾರಂನಲ್ಲಿ ಕೇಳಿರಲೇ ಇಲ್ಲ. ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆಯಿದ್ದವರು 28. ಇಂಥವರು ಪ್ರತಿ ಶಿಬಿರದಲ್ಲೂ ಇರುತ್ತಾರೆ, ಆದರೂ ಗುರಿ ಲೆಕ್ಕದಲ್ಲಿ ಅವರನ್ನು ಕಳೆದಿರಲಿಲ್ಲ.

ಇನ್ನುಳಿದ 19 ಮಂದಿ ಮಳೆಯ ಮಧ್ಯಾಹ್ನ ಬಂದು ಮರಳಿದವರು. ಬಯಲಿನ ಶಾಮಿಯಾನ ಸೋರಿ ಮಂಚಗಳು ಒದ್ದೆಯಾದವು, 2 ಗಂಟೆ ಕೆಲಸ ನಿಂತಿತು. ಇದನ್ನು ದುರದೃಷ್ಟದ ಖಾತೆಗೆ ಹಾಕಬೇಕೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಅಕ್ಟೋಬರ್ ಮಳೆ ಅನಿರೀಕ್ಷಿತವಲ್ಲ, ಸಭಾಂಗಣವೂ ಖಾಲಿಯಿತ್ತು.

ಅನುಷ್ಠಾನದ ಲೋಪ (41): ಯೋಜನೆಯಲ್ಲಿ ಎರಡು ಹಿಮೋಗ್ಲೋಬಿನ್ ಪರೀಕ್ಷಾ ಮೇಜುಗಳಿದ್ದವು. ಎರಡನೆಯ ಮೇಜಿನ ಮೀಟರಿಗೆ ರಕ್ತದ ಹನಿ ತುಂಬುವ ಕ್ಯುವೆಟ್ ತರದ ಕಾರಣ ಒಂದೇ ಮೇಜು ನಡೆಯಿತು. ಟೋಕನ್ ಪಡೆದ 41 ಮಂದಿ ಸರದಿ ಬಿಟ್ಟು ಹೋದರು. ಇದು ಗರಿಷ್ಠ ಅಂದಾಜು: ಉಳಿದಿದ್ದರೂ ಕೆಲವರು ಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ ತಪ್ಪುತ್ತಿದ್ದರು.

ದುರದೃಷ್ಟ (13): ಮಳೆಯಿಂದ ಹೊರಡಲಾಗದೆ ಫೋನ್ ಮಾಡಿ ತಿಳಿಸಿದವರು.

ಮುಂದಿನ ಶಿಬಿರಕ್ಕೆ: ದಾನದ ದಿನಾಂಕ ಕೇಳುವ ಫಾರಂ ಈ ವಾರವೇ ಸಿದ್ಧವಾಗಲಿ. ಸಾಮಗ್ರಿ ಪಟ್ಟಿಯನ್ನು ಹಿಂದಿನ ಸಂಜೆ ತಂತ್ರಜ್ಞರೇ ಎಣಿಸಿ ಸಹಿ ಹಾಕಲಿ. ಸ್ಥಳ ಒಳಾಂಗಣವೇ ಆಗಿರಲಿ.