ಉಡುಗೊರೆ ಅಮ್ಮನ ಕೈಗೆ, ನೀವು ಅಮ್ಮನ ಮನೆಗೆ

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಕೊಲ್ಲಿ ನಾಡುಗಳಲ್ಲಿರುವ ಕನ್ನಡ ಕುಟುಂಬಗಳಿಗೆ, ಬೆಂಗಳೂರಿನ ಬಸವನಗುಡಿಯಿಂದ ಉಡುಗೊರೆ ಮತ್ತು ಪ್ರಯಾಣ ಸೇವೆ

ಊರಿನ ಮನೆಗೆ ಉಡುಗೊರೆ

ಅಪ್ಪನ ಎಪ್ಪತ್ತನೆಯ ಹುಟ್ಟುಹಬ್ಬ ಶಿರಸಿಯಲ್ಲಿ, ನೀವು ಡಲ್ಲಾಸಿನಲ್ಲಿ. ಅಲ್ಲಿಂದಲೇ ಪೊಟ್ಟಣ ಕಟ್ಟಿ ಕಳುಹಿಸುವ ಮುನ್ನ ಒಂದು ವಿಷಯ ತಿಳಿದಿರಲಿ. ಅಂಚೆ ಅಥವಾ ಕೊರಿಯರ್ ಮೂಲಕ ಭಾರತಕ್ಕೆ ಬರುವ ಉಡುಗೊರೆಗಳಿಗಿದ್ದ ಸುಂಕದ ವಿನಾಯಿತಿ 2019ರ ಡಿಸೆಂಬರ್‌ನಲ್ಲಿ ನಿಂತುಹೋಗಿದೆ. ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗೆ ಮಾತ್ರ ರಿಯಾಯಿತಿ ಉಳಿದಿದೆ. ಸುಂಕ ಕಟ್ಟಿ ಪೊಟ್ಟಣ ಬಿಡಿಸಿಕೊಳ್ಳುವ ಓಡಾಟ ಕೊನೆಗೆ ಹುಟ್ಟುಹಬ್ಬದ ಅಪ್ಪನ ಪಾಲಿಗೇ ಬರುತ್ತದೆ.

ಅದಕ್ಕಾಗಿಯೇ ನಾವು ಉಡುಗೊರೆಯನ್ನು ಕರ್ನಾಟಕದಲ್ಲೇ ಕೊಂಡು, ಕರ್ನಾಟಕದ ಮನೆಗೇ ಮುಟ್ಟಿಸುತ್ತೇವೆ. ಮೈಸೂರು ರೇಷ್ಮೆ ಬೇಕೆಂದರೆ ಕೆಎಸ್‌ಐಸಿ ಮಳಿಗೆಯಿಂದಲೇ ತರುತ್ತೇವೆ, ಬಿಲ್ಲಿನ ಪ್ರತಿ ನಿಮಗೂ ಬರುತ್ತದೆ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಗೋಕಾಕದ ಕರದಂಟು, ಧಾರವಾಡದ ಪೇಡ ಎಲ್ಲವೂ ಅವು ಹುಟ್ಟಿದ ಊರಿನಿಂದಲೇ ಬರುತ್ತವೆ. ಪೇಡವನ್ನು ಬಹಳ ಮುಂಚೆಯೇ ಕೊಂಡು ಇಡುವುದಿಲ್ಲ. ಧಾರವಾಡದಿಂದ ರಾತ್ರಿ ಹೊರಟ ಪೆಟ್ಟಿಗೆ ಮರುದಿನ ಮನೆ ಸೇರುವಂತೆ ನೋಡಿಕೊಳ್ಳುತ್ತೇವೆ. ಹೂವು ಕೇಳಿದವರಿಗೆ ಆ ಊರಿನ ಹೂವಾಡಗಿತ್ತಿಯ ಬಳಿಯೇ ಮಾಲೆ ಕಟ್ಟಿಸುತ್ತೇವೆ, ಏಕೆಂದರೆ ದೂರದಿಂದ ಬಂದ ಮಲ್ಲಿಗೆ ಮನೆ ಸೇರುವ ಹೊತ್ತಿಗೆ ಬಾಡಿರುತ್ತದೆ.

ಬಾಗಿಲು ತಟ್ಟುವವರು ಯಾರು ಎಂಬುದು ನಮಗೆ ಉಡುಗೊರೆಯಷ್ಟೇ ಮುಖ್ಯ. ಒಂಟಿಯಾಗಿರುವ ಹಿರಿಯರ ಮನೆಗೆ ನಮ್ಮ ಸಿಬ್ಬಂದಿ ಮುಂಚೆ ಕರೆ ಮಾಡದೆ ಹೋಗುವುದಿಲ್ಲ. ಹೋಗುವವರ ಹೆಸರು ಮತ್ತು ಭಾವಚಿತ್ರ ಹಿಂದಿನ ಸಂಜೆಯೇ ನಿಮಗೂ ನಿಮ್ಮ ಮನೆಯವರಿಗೂ ತಲುಪಿರುತ್ತದೆ. ಅವರು ಹೊಸ್ತಿಲಲ್ಲೇ ನಿಂತು ಉಡುಗೊರೆ ಕೊಡುತ್ತಾರೆ, ಕರೆದರೆ ಮಾತ್ರ ಒಳಗೆ ಬರುತ್ತಾರೆ. ಒಟಿಪಿ, ಬ್ಯಾಂಕ್ ವಿವರ, ಆಧಾರ್ ಸಂಖ್ಯೆಗಳನ್ನು ನಾವು ಯಾರಲ್ಲೂ ಕೇಳುವುದಿಲ್ಲ. ನಮ್ಮ ಹೆಸರು ಹೇಳಿ ಯಾರಾದರೂ ಕೇಳಿದರೆ ಕೊಡಬೇಡಿರೆಂದು ಅಪ್ಪ ಅಮ್ಮನಿಗೆ ಇವತ್ತೇ ಹೇಳಿಡಿ. ಫೋಟೊ ತೆಗೆಯುವುದೂ ಮನೆಯವರು ಒಪ್ಪಿದರೆ ಮಾತ್ರ.

ತಲುಪಿಸುವ ಶುಲ್ಕ ಬೆಂಗಳೂರು ಮತ್ತು ಮೈಸೂರಿನಲ್ಲಿ 350 ರೂಪಾಯಿ, ಉಳಿದ ಜಿಲ್ಲಾ ಕೇಂದ್ರಗಳಲ್ಲಿ 500, ತಾಲ್ಲೂಕು ಮತ್ತು ಹಳ್ಳಿಗಳಿಗೆ 750. ಹೇಳಿದ ದಿನ ತಲುಪದಿದ್ದರೆ ಶುಲ್ಕ ಪೂರ್ತಿ ವಾಪಸ್. ವಸ್ತು ಕೆಟ್ಟಿದ್ದರೆ ಅದರ ಬೆಲೆಯೂ ವಾಪಸ್.

ಊರಿನಿಂದ ನಿಮ್ಮ ಮನೆಗೆ

ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಮೊಮ್ಮಗುವಿನ ಲಂಗ ನಿಮ್ಮಲ್ಲಿಗೆ ಬರಬೇಕೇ? ಮನೆಯಿಂದಲೇ ಪೆಟ್ಟಿಗೆ ತರುತ್ತೇವೆ. ಅಮ್ಮನ ಎದುರಿಗೇ ತೂಗಿ, ಪಟ್ಟಿ ಮಾಡಿ, ಮುಚ್ಚುತ್ತೇವೆ. ಆದರೆ ಕೇಳಿದ್ದನ್ನೆಲ್ಲ ಕಳುಹಿಸುವವರು ನಾವಲ್ಲ. ಅಲ್ಲಿ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದರೆ ತೊಂದರೆ ನಿಮಗೆ. ಹಾಗಾಗಿ ಇಲ್ಲಿಯೇ ಬೇಡವೆನ್ನುತ್ತೇವೆ.

ಅಮೆರಿಕಕ್ಕೆ: 800 ಡಾಲರ್‌ವರೆಗಿನ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ಇಲ್ಲ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಕಳುಹಿಸುವ ನಿಜವಾದ ಉಡುಗೊರೆಗೆ 100 ಡಾಲರ್ ಮಿತಿಯ ವಿನಾಯಿತಿ ಮಾತ್ರ ಉಳಿದಿದೆ. ರೇಷ್ಮೆ ಸೀರೆಯಿದ್ದರೆ ಆ ಮಿತಿ ಸುಲಭವಾಗಿ ದಾಟುತ್ತದೆ, ಸುಂಕದ ಅಂದಾಜನ್ನು ಮೊದಲೇ ತಿಳಿಸುತ್ತೇವೆ. ಬೆಲೆ ಕಡಿಮೆ ಬರೆಯಿರಿ ಎಂದರೆ ಆ ಪೆಟ್ಟಿಗೆಯನ್ನು ನಾವು ಒಯ್ಯುವುದಿಲ್ಲ. ಹಸಿ ಕರಿಬೇವು ಮತ್ತು ಮಾಂಸದ ಪದಾರ್ಥಗಳೂ ಬೇಡ.

ಬ್ರಿಟನ್ನಿಗೆ: ಉಡುಗೊರೆಯ ಬೆಲೆ 39 ಪೌಂಡ್‌ವರೆಗಿದ್ದರೆ ವ್ಯಾಟ್ ಇಲ್ಲ. 135 ಪೌಂಡ್‌ವರೆಗೆ ವ್ಯಾಟ್ ಉಂಟು, ಕಸ್ಟಮ್ಸ್ ಸುಂಕ ಇಲ್ಲ. ತುಪ್ಪ, ಪೇಡ, ಕುಂದಾ ಕೇಳಬೇಡಿ, ಮಾಂಸ ಮತ್ತು ಹಾಲಿನ ಪದಾರ್ಥಗಳಿಗೆ ಅಲ್ಲಿ ತಡೆಯಿದೆ.

ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ: ಜೈವಿಕ ಸುರಕ್ಷತೆಯ ತಪಾಸಣೆ ಬಹಳ ಬಿಗಿ. ಹಾಲಿನ ಸಿಹಿ, ಬಿತ್ತನೆ ಬೀಜ, ಹಸಿ ಸೊಪ್ಪುಗಳನ್ನು ನಾವು ಪೆಟ್ಟಿಗೆಗೆ ಹಾಕುವುದೇ ಇಲ್ಲ. ನೀವೇ ಕೈಯಲ್ಲಿ ಒಯ್ಯುವುದಾದರೆ ಒಂದು ಡಬ್ಬಿ ಉಪ್ಪಿನಕಾಯಿಯನ್ನೂ ಆಗಮನ ಪತ್ರದಲ್ಲಿ ಬರೆದು ತೋರಿಸಿ. ತೋರಿಸಿದ್ದಕ್ಕೆ ದಂಡವಿಲ್ಲ. ಮುಚ್ಚಿಟ್ಟದ್ದಕ್ಕೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್ ತೆರಬೇಕಾಗುತ್ತದೆ.

ಯುಎಇಗೆ: ಗಸಗಸೆಯನ್ನು ಖಂಡಿತ ಒಯ್ಯಬೇಡಿ. ಹಬ್ಬದ ಪಾಯಸಕ್ಕೆಂದು ಅತ್ತೆ ಕಟ್ಟಿಕೊಟ್ಟ ಚಿಕ್ಕ ಪೊಟ್ಟಣವೂ ಅಲ್ಲಿ ಮಾದಕ ವಸ್ತುವಿನ ಪ್ರಕರಣವಾಗಬಲ್ಲದು. ನಮ್ಮವರು ಮಸಾಲೆ ಪುಡಿ ತುಂಬುವಾಗಲೂ ಅದರಲ್ಲಿ ಗಸಗಸೆ ಇದೆಯೇ ಎಂದು ಕೇಳಿಯೇ ಮುಂದುವರಿಯುತ್ತಾರೆ. ತಾಂಬೂಲದ ವೀಳ್ಯದೆಲೆಯೂ ನಿಷಿದ್ಧ. ಕೆಲವು ನೋವಿನ ಮತ್ತು ನಿದ್ರೆಯ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಪೂರ್ವಾನುಮತಿ ಬೇಕು. ವೈದ್ಯರ ಚೀಟಿಯನ್ನು ತೋರಿಸಿದರೆ ಅರ್ಜಿ ತುಂಬಲು ನೆರವಾಗುತ್ತೇವೆ.

ಊರಿಗೆ ಬರುವವರಿಗೆ

ಟಿಕೆಟ್ ಕಾಯ್ದಿರಿಸುವ ಮುನ್ನ ನಾವು ಕೇಳುವ ಮೊದಲ ಪ್ರಶ್ನೆ: ಮಕ್ಕಳ ಪಾಸ್‌ಪೋರ್ಟ್ ಯಾವ ದೇಶದ್ದು? ವಿದೇಶಿ ಪಾಸ್‌ಪೋರ್ಟ್ ಇದ್ದರೆ ಒಸಿಐ ಕಾರ್ಡ್ ಅಥವಾ ವೀಸಾ ಬೇಕೇ ಬೇಕು, ಕಂಕುಳ ಕೂಸಿಗೂ ಸಹ. ಒಸಿಐ ಕೈಸೇರಲು ವಾರಗಳೇ ಹಿಡಿಯುವುದರಿಂದ ತುರ್ತಿಗೆ ಇ-ವೀಸಾದ ದಾರಿ ಹಿಡಿಯುತ್ತೇವೆ. ಎರಡನೆಯ ಪ್ರಶ್ನೆ ಎಚ್‌-1ಬಿ ಕುಟುಂಬಗಳಿಗೆ: ಮರಳುವಾಗ ವೀಸಾ ಮುದ್ರೆ ಹಾಕಿಸಬೇಕೇ? ಹಾಗಿದ್ದರೆ ಮೊದಲು ಸಂದರ್ಶನದ ದಿನ ಸಿಗಲಿ, ಆಮೇಲೆ ಟಿಕೆಟ್. ದಿನ ಸಿಗುವ ಮೊದಲೇ ಹಿಂದಿರುಗುವ ಟಿಕೆಟ್ ಕೊಳ್ಳಿ ಎಂದು ನಮ್ಮವರು ಯಾರೂ ನಿಮ್ಮನ್ನು ಒತ್ತಾಯಿಸುವುದಿಲ್ಲ.

ಒಡವೆ ತರುವವರು ಗಮನಿಸಿ: ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಬರುವ ಮಹಿಳೆಗೆ ಸುಂಕರಹಿತ ಆಭರಣದ ತೂಕದ ಮಿತಿ 40 ಗ್ರಾಂ, ಪುರುಷರಿಗೆ 20 ಗ್ರಾಂ. ವಿದೇಶಿ ನೋಟುಗಳು 5,000 ಡಾಲರ್ ಮೌಲ್ಯ ಮೀರಿದರೆ ಘೋಷಿಸಬೇಕು.

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ ನೀವು ಎಷ್ಟು ಹೊತ್ತಿಗೆ ಇಳಿದರೂ ಕನ್ನಡ ಬಲ್ಲ ಚಾಲಕರು ನಿಮ್ಮ ಹೆಸರಿನ ಫಲಕ ಹಿಡಿದು ಕಾಯುತ್ತಿರುತ್ತಾರೆ. ರಾತ್ರಿ ಇಳಿದು ದಣಿದವರನ್ನು ಘಟ್ಟದ ದಾರಿಯಲ್ಲಿ ಒಯ್ಯುವುದಿಲ್ಲ. ಶಿವಮೊಗ್ಗ, ಉಡುಪಿ ಕಡೆಯವರಿಗೆ ಬೆಳಗಿನವರೆಗೆ ಬೆಂಗಳೂರಿನಲ್ಲೇ ಕೋಣೆ ಕಾದಿರುತ್ತದೆ. ಮಗುವಿನ ಆಸನ ಕೇಳಿದರೆ ಉಚಿತ.

ಮುಡಿ, ನಾಮಕರಣ, ಉಪನಯನ, ಮನೆದೇವರ ದರ್ಶನಕ್ಕೆಂದೇ ಬರುವವರೂ ಅನೇಕರು. ಅವರ ದಿನಗಳನ್ನು ಪುರೋಹಿತರ ಮುಹೂರ್ತಕ್ಕೆ ಹೊಂದಿಸಿಯೇ ಪ್ರಯಾಣ ಹೆಣೆಯುತ್ತೇವೆ. ನಡುವೆ ಎರಡು ದಿನ ಬಿಡುವಿದ್ದರೆ ಮಕ್ಕಳಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ತೋರಿಸಿ. 2023ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹಂಪಿಗೆ ಹೋಗುವುದಾದರೆ ಒಸಿಐ ಕಾರ್ಡ್ ಜೊತೆಗಿರಲಿ, ಪ್ರವೇಶ ಶುಲ್ಕ ಭಾರತೀಯರಿಗೆ ಇರುವಷ್ಟೇ.

ಹಣದ ಮಾತು

ಹಣ ಸಂಸ್ಥೆಯ ಚಾಲ್ತಿ ಖಾತೆಗೆ ಮಾತ್ರ, ಯಾರ ವೈಯಕ್ತಿಕ ಸಂಖ್ಯೆಗೂ ಅಲ್ಲ. ಪ್ರಯಾಣಕ್ಕೆ ಮುಂಗಡ ಶೇ. 20. ಹೊರಡುವ 15 ದಿನ ಮುಂಚೆ ರದ್ದು ಮಾಡಿದರೆ ವಾಹನ ಮತ್ತು ಕೋಣೆಯ ಮುಂಗಡ ಪೂರ್ತಿ ವಾಪಸ್, ವಿಮಾನ ಟಿಕೆಟ್ಟಿಗೆ ಆಯಾ ಕಂಪನಿಯ ನಿಯಮ. ಸಾವು, ಕಾಯಿಲೆಯ ಕಾರಣ ದಿಢೀರನೆ ಹೊರಡುವವರಿಂದ ನಮ್ಮ ಸೇವಾಶುಲ್ಕ ಪಡೆಯುವುದಿಲ್ಲ. ಅಂಥವರು ಹೊತ್ತು ನೋಡದೆ ಕರೆ ಮಾಡಿ.

ದೀಪಾವಳಿಯ ಉಡುಗೊರೆಗಳ ಕೋರಿಕೆ ಹಬ್ಬಕ್ಕೆ ಹತ್ತು ದಿನ ಮುಂಚೆ ಮುಗಿಯುತ್ತದೆ. ಡಿಸೆಂಬರ್ ರಜೆಗೆ ಬರುವವರು ಈಗಲೇ ದಿನ ಹೇಳಿ. ಈ ಜಾಹೀರಾತು ಬಂದ ವಾಟ್ಸ್‌ಆ್ಯಪ್ ಸಂಖ್ಯೆಗೇ ನಿಮ್ಮ ದೇಶ, ಊರಿನ ಹೆಸರು ಮತ್ತು ಬೇಕಾದ ದಿನಾಂಕ ಬರೆಯಿರಿ. ಭಾರತೀಯ ಸಮಯ ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಕನ್ನಡದಲ್ಲೇ ಉತ್ತರ ಬರುತ್ತದೆ.