ರಾಜೀನಾಮೆ ಪತ್ರ: ನೇಮಕಾತಿ ಪತ್ರದ 9ನೇ ಷರತ್ತಿನ ಕನ್ನಡ ಅನುವಾದದೊಂದಿಗೆ

ರಾಯಚೂರು
ದಿನಾಂಕ: 3 ಮಾರ್ಚ್ 2025, ಸೋಮವಾರ

ಇವರಿಂದ:
ಅಂಬಿಕಾ
ಹಿರಿಯ ಸಾಫ್ಟ್‌ವೇರ್ ಎಂಜಿನಿಯರ್

ಇವರಿಗೆ:
ವ್ಯವಸ್ಥಾಪಕ ಪಾಲುದಾರರು ಮತ್ತು ಹಿರಿಯ ಪಾಲುದಾರರು
ರಾಯಚೂರು ಕಚೇರಿ

ವಿಷಯ: ಹುದ್ದೆಗೆ ರಾಜೀನಾಮೆ, ಪೂರ್ವಸೂಚನೆಯ ಅವಧಿ ಮತ್ತು ಲೆಕ್ಕ ಚುಕ್ತಾ ಕುರಿತು

ಮಾನ್ಯರೇ,

ನಾನು 11 ಜೂನ್ 2018ರಿಂದ ನಿರ್ವಹಿಸುತ್ತಿರುವ ಹುದ್ದೆಗೆ ಈ ಪತ್ರದ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಕೈಗಾರಿಕಾ ತೂಕಯಂತ್ರಗಳನ್ನು ತಯಾರಿಸುವ ಸಂಸ್ಥೆಯೊಂದು ನನಗೆ ಕೆಲಸ ಕೊಟ್ಟಿದೆ. ಜೂನ್ 2ರಂದು ಅಲ್ಲಿ ಹಾಜರಾಗಬೇಕು.

ಕಚೇರಿಯಲ್ಲಿ ಇಂಥ ಪತ್ರಗಳು ಇಂಗ್ಲಿಷಿನಲ್ಲಿ ಬರುವುದು ರೂಢಿ. ನಾನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಲೆಕ್ಕ ಚುಕ್ತಾ ಮಾಡುವ ಕಾಗದಕ್ಕೆ ಹಿರಿಯ ಪಾಲುದಾರರ ಸಹಿಯೂ ಬೇಕು. ಗಂಜಿನಲ್ಲಿ ಮೂವತ್ತು ವರ್ಷ ದಲ್ಲಾಲಿ ಅಂಗಡಿ ನಡೆಸಿದ ಅವರು, ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ನಮ್ಮೆಲ್ಲರ ಎದುರೇ ಹೇಳಿದ್ದಾರೆ. ನಾನು ಮಾತ್ರ ಅಂಥ ಕಾಗದಕ್ಕೆ ಸಹಿ ಹಾಕಿದವಳು. ಮೊದಲ ನೌಕರಿ ಸಿಕ್ಕ ಖುಷಿಯಲ್ಲಿ ನೇಮಕಾತಿ ಪತ್ರದ ಸಂಬಳದ ಸಾಲೊಂದನ್ನು ಎರಡು ಸಲ ಓದಿ, ಉಳಿದ ಐದು ಪುಟಗಳ ಅಡಿಯಲ್ಲಿ ಹೆಸರು ಬರೆದುಕೊಟ್ಟೆ. 9ನೇ ಷರತ್ತಿನಲ್ಲಿ ಏನಿದೆ ಎಂದು ಗೊತ್ತಾದದ್ದು ಕಳೆದ ವಾರ, ಅದನ್ನು ಕನ್ನಡಕ್ಕೆ ಇಳಿಸಲು ಕುಳಿತಾಗ. ಅನುವಾದವನ್ನು ಪೂರ್ತಿಯಾಗಿ ಕೆಳಗೆ ಕೊಟ್ಟಿದ್ದೇನೆ.

9. ನೌಕರಿಯ ಮುಕ್ತಾಯ

9.1 ಪರೀಕ್ಷಾರ್ಥ ಅವಧಿ ಪೂರ್ಣಗೊಂಡ ಬಳಿಕ, ಸಂಸ್ಥೆಯಾಗಲಿ ನೌಕರರಾಗಲಿ, ಇನ್ನೊಬ್ಬರಿಗೆ 60 ಕ್ಯಾಲೆಂಡರ್ ದಿನಗಳ ಲಿಖಿತ ಪೂರ್ವಸೂಚನೆ ನೀಡಿ ಈ ನೌಕರಿಯನ್ನು ಕೊನೆಗೊಳಿಸಬಹುದು. ಪೂರ್ವಸೂಚನೆ ಕೈಸೇರಿದ ಮರುದಿನದಿಂದ ದಿನಗಳನ್ನು ಎಣಿಸತಕ್ಕದ್ದು.

9.2 ಪೂರ್ವಸೂಚನೆಯ ಇಡೀ ಅವಧಿಗೆ ಅಥವಾ ಅದರ ಯಾವುದೇ ಭಾಗಕ್ಕೆ ಬದಲಾಗಿ, ಅಷ್ಟು ದಿನಗಳ ವೇತನಕ್ಕೆ ಸಮನಾದ ಹಣವನ್ನು ನೀಡಬಹುದು. ಆದರೆ ನೌಕರರು ಹಣ ಕಟ್ಟಿ ಅವಧಿಗೆ ಮುನ್ನ ಬಿಡುಗಡೆ ಕೋರಿದಾಗ, ಒಪ್ಪುವುದೂ ಒಪ್ಪದಿರುವುದೂ ಸಂಪೂರ್ಣವಾಗಿ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು.

9.3 ಪೂರ್ವಸೂಚನೆಯ ಅವಧಿಯಲ್ಲಿ ಲಿಖಿತ ಒಪ್ಪಿಗೆಯಿಲ್ಲದೆ ರಜೆ ಪಡೆಯತಕ್ಕದ್ದಲ್ಲ. ಒಪ್ಪಿಗೆಯಿಂದ ಪಡೆದ ರಜೆಯ ದಿನಗಳಷ್ಟು ಅವಧಿಯು ಮುಂದಕ್ಕೆ ಹೋಗತಕ್ಕದ್ದು. ಖಾತೆಯಲ್ಲಿ ಉಳಿದಿರುವ ಗಳಿಕೆ ರಜೆಯನ್ನು ಪೂರ್ವಸೂಚನೆಯ ದಿನಗಳಿಗೆ ವಜಾ ಹಾಕಿಕೊಳ್ಳಲು ಅವಕಾಶವಿಲ್ಲ.

9.4 ನೌಕರರು ತಮ್ಮ ಹೊಣೆಯನ್ನು, ಮೂಲ ಕೋಡನ್ನು, ಪಾಸ್‌ವರ್ಡ್‌ಗಳನ್ನು ಹಾಗೂ ಸಂಸ್ಥೆಯ ಸ್ವತ್ತನ್ನು ಸಂಪೂರ್ಣವಾಗಿ ಒಪ್ಪಿಸಿದ ಬಳಿಕವೇ ಬಿಡುಗಡೆ ಪತ್ರ ಮತ್ತು ಅನುಭವ ಪತ್ರಗಳನ್ನು ನೀಡಲಾಗುವುದು. ಬಾಕಿ ಲೆಕ್ಕವನ್ನು ಕೊನೆಯ ಕೆಲಸದ ದಿನದಿಂದ 45 ದಿನಗಳೊಳಗೆ ಚುಕ್ತಾ ಮಾಡಲಾಗುವುದು.

ಅನುವಾದದ ಬಗ್ಗೆ ಒಂದೆರಡು ಮಾತು. ಮೂಲದಲ್ಲಿ ನೋಟಿಸ್ ಎಂದಿದೆ. ಆ ಪದವನ್ನು ಹಾಗೆಯೇ ಉಳಿಸಬಹುದಿತ್ತು. ಆದರೆ ನಮ್ಮ ಊರಿನಲ್ಲಿ ನೋಟಿಸ್ ಎಂದರೆ ಬ್ಯಾಂಕಿನಿಂದ ಬರುವುದು, ಇಲ್ಲವೇ ಕೋರ್ಟಿನಿಂದ ಬರುವುದು. ನಾನು ನಿಮಗೆ ನೋಟಿಸ್ ಕೊಟ್ಟೆ ಎಂಬ ಸುದ್ದಿ ಸಂಜೆಯೊಳಗೆ ಮಾನ್ವಿಯಲ್ಲಿರುವ ನನ್ನ ಅಪ್ಪನ ಕಿವಿಗೆ ಬಿದ್ದರೆ ಅವರು ವಕೀಲರನ್ನು ಹುಡುಕಿಕೊಂಡು ಹೊರಡುತ್ತಾರೆ. ಅದಕ್ಕೇ ‘ಪೂರ್ವಸೂಚನೆ’. ಮೂಲದಲ್ಲಿ ನೌಕರ ಎಲ್ಲ ಕಡೆ ಗಂಡಸು. ‘ನೌಕರರು’ ಎಂದು ತಿದ್ದಿದ್ದೇನೆ. 9.2ರಲ್ಲಿ ‘ವೇತನ’ ಎಂದಷ್ಟೇ ಇದೆ, ಮೂಲ ವೇತನವೋ ಕೈಗೆ ಬರುವ ಒಟ್ಟು ಸಂಬಳವೋ ಮೂಲದಲ್ಲಿಯೇ ಸ್ಪಷ್ಟವಿಲ್ಲ, ಹಾಗಾಗಿ ಅನುವಾದದಲ್ಲಿಯೂ ಇಲ್ಲ. ನಾನು ಹಣ ಕಟ್ಟಿ ಬೇಗ ಹೋಗುತ್ತಿಲ್ಲವಾದ್ದರಿಂದ ನನ್ನ ಮಟ್ಟಿಗೆ ಅದು ತೊಡಕಲ್ಲ. ನನ್ನ ನಂತರ ಬರುವವರಿಗಾಗಿ ದಯವಿಟ್ಟು ಆ ಪದವನ್ನು ಸರಿಪಡಿಸಿ. ಅರ್ಥದಲ್ಲಿ ಎಲ್ಲಿಯಾದರೂ ವ್ಯತ್ಯಾಸ ಕಂಡುಬಂದರೆ, ಸಹಿಯಾಗಿರುವ ಇಂಗ್ಲಿಷ್ ಪಾಠವೇ ಅಂತಿಮ ಎಂಬುದನ್ನು ಒಪ್ಪುತ್ತೇನೆ.

ಈಗ ದಿನಗಳ ಎಣಿಕೆ. ಈ ಪತ್ರ ಇಂದು ನಿಮ್ಮ ಕೈಸೇರಿದರೆ ಮಾರ್ಚ್ 4 ಮೊದಲನೆಯ ದಿನ. ಮಾರ್ಚಿನಲ್ಲಿ 28 ದಿನ, ಏಪ್ರಿಲ್‌ನಲ್ಲಿ 30, ಮೇ ತಿಂಗಳಲ್ಲಿ 2; ಮೇ 2ರ ಶುಕ್ರವಾರಕ್ಕೆ 60 ತುಂಬುತ್ತದೆ. ಕ್ಯಾಲೆಂಡರ್ ದಿನ ಎಂದಿರುವುದರಿಂದ ಭಾನುವಾರಗಳೂ ಯುಗಾದಿಯೂ ಲೆಕ್ಕದೊಳಗೇ ಇವೆ. ನಡುವೆ ನನಗೆ ಎರಡು ದಿನ ರಜೆ ಬೇಕು. ಮಾರ್ಚ್ 19ರ ಬುಧವಾರ ಬೆಂಗಳೂರಿನಲ್ಲಿ ವೀಸಾ ಅರ್ಜಿ ಸಲ್ಲಿಸಲು ಸಮಯ ಸಿಕ್ಕಿದೆ. 18ರಂದು ಕೆಲಸ ಮುಗಿಸಿ ರಾತ್ರಿ ರೈಲಿಗೆ ಹೊರಟು, 20ರಂದು ಊರಿಗೆ ಮರಳುತ್ತೇನೆ. 9.3ರ ಪ್ರಕಾರ ಈ ಎರಡು ದಿನ ಸೇರಿದರೆ ಅವಧಿ ಮೇ 4ಕ್ಕೆ ಹೋಗುತ್ತದೆ. ಅದು ಭಾನುವಾರ. ಮುಚ್ಚಿದ ಕಚೇರಿಯಲ್ಲಿ ಲ್ಯಾಪ್‌ಟಾಪ್ ಒಪ್ಪಿಸಲಾಗದು. ಆದ್ದರಿಂದ ಮೇ 5ರ ಸೋಮವಾರವನ್ನು ನನ್ನ ಕೊನೆಯ ಕೆಲಸದ ದಿನವೆಂದು ದಾಖಲಿಸಬೇಕೆಂದು ಕೋರುತ್ತೇನೆ. ಒಂದು ದಿನ ಹೆಚ್ಚಾದರೆ ನನಗೆ ಬೇಸರವಿಲ್ಲ.

ಬಿಟ್ಟುಹೋಗುವ ಹೊತ್ತು ಒಳ್ಳೆಯದಲ್ಲ ಎಂಬುದು ನನಗೆ ತಿಳಿದಿದೆ. ಕಳೆದ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ, ಎರಡನೆಯ ಬೆಳೆಗೆ ನೀರೇ ಸಿಗದೇನೋ ಎಂದು ಹೆದರಿ ಎಷ್ಟೋ ಅಕ್ಕಿ ಮಿಲ್‌ನವರು ನಮ್ಮ ಸಾಫ್ಟ್‌ವೇರ್‌ನ ವಾರ್ಷಿಕ ನವೀಕರಣವನ್ನು ಮುಂದೂಡಿದರು. ನೀರು ಬಂತು, ನಾಟಿಯಾಯಿತು. ಇನ್ನು ಏಪ್ರಿಲ್‌ನಲ್ಲಿ ಸಿಂಧನೂರು, ಮಾನ್ವಿ ಕಡೆಯ ಮಿಲ್ಲುಗಳ ಮುಂದೆ ಭತ್ತದ ಲಾರಿಗಳು ಸಾಲುಗಟ್ಟುತ್ತವೆ, ರಾತ್ರಿ ಹನ್ನೊಂದಕ್ಕೆ ಗುಮಾಸ್ತರ ಕರೆ ಬರುತ್ತದೆ: ತೂಕ ಬರುತ್ತಿಲ್ಲ, ಚೀಟಿ ಹೊರಡುತ್ತಿಲ್ಲ, ಹಿಂದೆ ಹದಿನೈದು ಲಾರಿ ನಿಂತಿವೆ. ಆ ದಟ್ಟಣೆಯ ಏಪ್ರಿಲ್ ಪೂರ್ತಿ ನಾನು ಇಲ್ಲೇ ಇರುತ್ತೇನೆ. ಅಲ್ಲಿನ ಸಂಸ್ಥೆ ಮೊದಲು ಮೇ 2ಕ್ಕೇ ಬರಲು ಹೇಳಿತ್ತು. ಒಂದು ತಿಂಗಳು ಮುಂದಕ್ಕೆ ಹಾಕಿಸಿಕೊಂಡದ್ದು ಷರತ್ತಿಗಿಂತ ಹೆಚ್ಚಾಗಿ ಈ ಲಾರಿಗಳ ಸಲುವಾಗಿ.

ಕೆಲಸ ಒಪ್ಪಿಸುವ ವಿಚಾರ. ಬಿಲ್ಲಿಂಗ್ ಭಾಗವನ್ನು ಕಳೆದ ವರ್ಷ ಸೇರಿದ ಇಬ್ಬರೂ ಈಗಾಗಲೇ ಚೆನ್ನಾಗಿ ಬಲ್ಲರು. ತೊಂದರೆಯಿರುವುದು ವೇ ಬ್ರಿಡ್ಜ್ ಭಾಗದಲ್ಲಿ. ಅಲ್ಲಿ ನಾನು ಬರೆದದ್ದಕ್ಕಿಂತ ನನ್ನ ತಲೆಯಲ್ಲಿರುವುದು ಹೆಚ್ಚು, ಇದು ನನ್ನದೇ ತಪ್ಪು. ಉದಾಹರಣೆಗೆ, ಸಿಂಧನೂರಿನ ಒಂದು ಮಿಲ್ಲಿನ ತೂಕದ ಪೆಟ್ಟಿಗೆ ಅಂಕಿಗಳನ್ನು ಹಿಂದುಮುಂದಾಗಿ ಕಳುಹಿಸುತ್ತದೆ. ಅಲ್ಲಿನ ಸೆಟ್ಟಿಂಗ್ಸ್ ಕಡತದಲ್ಲಿ ಈ ಎರಡು ಸಾಲು ಇರಲೇಬೇಕು:

```
port_settings = 9600,8,N,1
reverse_digits = true
```

ಎರಡನೆಯ ಸಾಲನ್ನು ಯಾರಾದರೂ ಅನಗತ್ಯವೆಂದು ಅಳಿಸಿದರೆ 12,480 ಕಿಲೋ ಭತ್ತ 8,421 ಕಿಲೋ ಆಗುತ್ತದೆ. ಆಮೇಲೆ ರೈತರಿಗೆ ಉತ್ತರ ಹೇಳುವವರು ನಾವಲ್ಲ, ಪಾಪದ ಗುಮಾಸ್ತರು. ಲಾರಿ ಅಲುಗಾಡುವಾಗ ಅಂಕಿ ಏರಿಳಿಯುತ್ತದೆ. ಅದು ನಿಲ್ಲುವವರೆಗೆ ಕಾದು ಚೀಟಿ ಮುದ್ರಿಸಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದು ಒಂದೊಂದು ಮಿಲ್ಲಿಗೆ ಒಂದೊಂದು. ಇಂಥ ಎಲ್ಲ ವಿಶೇಷಗಳನ್ನು ಮಿಲ್‌ವಾರು ಬರೆದು ಮಾರ್ಚ್ 31ರೊಳಗೆ ಕೊಡುತ್ತೇನೆ, ಕನ್ನಡದಲ್ಲಿಯೇ. ಏಪ್ರಿಲ್‌ನಲ್ಲಿ ಸಹಾಯವಾಣಿಯ ಮೊಬೈಲ್ ಅವರಿಬ್ಬರ ಕೈಯಲ್ಲಿ ಇರಲಿ, ನಾನು ಪಕ್ಕದಲ್ಲಿ ಕುಳಿತಿರುತ್ತೇನೆ. ಆ ಸಿಮ್, ಲ್ಯಾಪ್‌ಟಾಪ್ ಹಾಗೂ ಕಚೇರಿಯ ಬೀಗದ ಕೈಯನ್ನು ಮೇ 5ರಂದು ಒಪ್ಪಿಸುತ್ತೇನೆ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ಎಲ್ಲಕ್ಕಿಂತ ಅವಸರದ್ದು, ಸೇರುವಾಗ ನಾನು ಕೊಟ್ಟ ಮೂಲ ಅಂಕಪಟ್ಟಿಗಳು. ಅವು ಇನ್ನೂ ಲೆಕ್ಕದ ಕೋಣೆಯ ಕಬ್ಬಿಣದ ಕಪಾಟಿನಲ್ಲಿವೆ. ವೀಸಾ ಅರ್ಜಿಯ ದಿನ ಮೂಲ ಪ್ರತಿಗಳನ್ನು ತೋರಿಸಬೇಕಾದೀತು, ಹಾಗಾಗಿ ಮಾರ್ಚ್ 12ರೊಳಗೆ ಹಿಂದಿರುಗಿಸಿ. ಎರಡು ವರ್ಷಗಳ ಕರಾರು 2020ರಲ್ಲಿಯೇ ಮುಗಿದಿದೆ. ಕೇಳದೆ ಸುಮ್ಮನಿದ್ದವಳು ನಾನು, ನೆನಪಿಸದೆ ಉಳಿದವರು ನೀವು. ಅನುಭವ ಪತ್ರ ಮಾತ್ರ ಇಂಗ್ಲಿಷಿನಲ್ಲಿ ಇರಬೇಕು. ಭವಿಷ್ಯ ನಿಧಿಯ ಖಾತೆಯಲ್ಲಿ ನಾನು ಕೆಲಸ ಬಿಟ್ಟ ದಿನಾಂಕವನ್ನು ಸಂಸ್ಥೆಯ ಕಡೆಯಿಂದ ನಮೂದಿಸಿ.

ಇನ್ನು ಉಪದಾನ, ಅಂದರೆ ಗ್ರ್ಯಾಚುಟಿ. 1972ರ ಉಪದಾನ ಸಂದಾಯ ಕಾಯ್ದೆಯಂತೆ ಐದು ವರ್ಷ ಸತತ ಸೇವೆ ಮಾಡಿದವರಿಗೆ, ಪ್ರತಿ ವರ್ಷಕ್ಕೆ 15 ದಿನಗಳ ವೇತನದಂತೆ ಇದು ಸಲ್ಲುತ್ತದೆ. ತಿಂಗಳಿಗೆ 26 ದಿನ ಎಂದು ಎಣಿಕೆ. ಹದಿನಾಲ್ಕು ಜನರಿರುವ ನಮ್ಮ ಕಚೇರಿಗೂ ಕಾಯ್ದೆ ಅನ್ವಯಿಸುತ್ತದೆ. ನನ್ನ ಸೇವೆ 6 ವರ್ಷ 10 ತಿಂಗಳು ದಾಟುತ್ತದೆ. ಆರು ತಿಂಗಳಿಗಿಂತ ಹೆಚ್ಚಿನ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯಬೇಕಾದ್ದರಿಂದ 7 ವರ್ಷ. ಮೂಲ ವೇತನ ರೂ. 31,200, ಅದರ 15 ದಿನಗಳ ಭಾಗ ರೂ. 18,000, ಏಳು ವರ್ಷಕ್ಕೆ ರೂ. 1,26,000. ನಮ್ಮ ಷರತ್ತು 45 ದಿನ ಎನ್ನುತ್ತದೆ, ಆದರೆ ಉಪದಾನವನ್ನು 30 ದಿನಗಳೊಳಗೆ ಕೊಡಬೇಕೆಂದು ಕಾಯ್ದೆಯಲ್ಲಿದೆ. ಉಳಿದ ಬಾಕಿ 45ನೇ ದಿನಕ್ಕೆ ಬಂದರೂ ಸರಿ, ಇದನ್ನು ಮಾತ್ರ ಕಾಯ್ದೆಯಂತೆ ಕೊಡಿ. ಹಿರಿಯ ಪಾಲುದಾರರು ಲೆಕ್ಕವನ್ನು ಬಾಯಿಯಲ್ಲೇ ತಾಳೆ ನೋಡಿಯಾರು.

ಸಂಬಳದ ಅಸಮಾಧಾನದಿಂದ ನಾನು ಹೋಗುತ್ತಿಲ್ಲ. 2022ರ ಜುಲೈನಲ್ಲಿ 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ ಜಿಎಸ್‌ಟಿ ಬಂದು, ಮಿಲ್‌ನವರೆಲ್ಲ 26 ಕಿಲೋ ಚೀಲಕ್ಕೆ ಹೊರಳಿದಾಗ ಮೂರು ರಾತ್ರಿ ಕುಳಿತು ಬಿಲ್ಲಿಂಗ್ ತಿದ್ದಿದೆವಲ್ಲ, ಅಂಥ ಕೆಲಸ ನನಗೆ ಎಂದೂ ಬೇಸರ ತಂದಿಲ್ಲ. ಆದರೆ ಇಷ್ಟು ವರ್ಷ ತೂಕದ ಪೆಟ್ಟಿಗೆಯಿಂದ ಹೊರಬಂದ ಅಂಕಿಯನ್ನು ಓದುವುದಷ್ಟೇ ನನ್ನ ಪಾಲಿಗಿತ್ತು. ಲಾರಿಯ ಭಾರ ಅಂಕಿಯಾಗುವುದು ಪೆಟ್ಟಿಗೆಯ ಒಳಗೆ. ಲೈಪ್‌ಜಿಗ್‌ನಲ್ಲಿ ನನಗೆ ಕೊಟ್ಟಿರುವುದು ಆ ಒಳಗಿನ ಕೆಲಸ.

ಪತ್ರದ ಎರಡನೆಯ ಪ್ರತಿಯ ಮೇಲೆ ಇಂದಿನ ದಿನಾಂಕ ಬರೆದು, ಇಬ್ಬರೂ ಸಹಿ ಮಾಡಿ ನನಗೆ ಹಿಂದಿರುಗಿಸಬೇಕೆಂದು ವಿನಂತಿ. ನಾಳೆ ಸಹಿಯಾದರೆ ಮೇಲಿನ ದಿನಾಂಕಗಳನ್ನೆಲ್ಲ ಮತ್ತೆ ಎಣಿಸಬೇಕಾಗುತ್ತದೆ.

ತಮ್ಮ ವಿಶ್ವಾಸಿ,
ಅಂಬಿಕಾ

ಲಗತ್ತು: ನೇಮಕಾತಿ ಪತ್ರದ 9ನೇ ಷರತ್ತಿರುವ ಪುಟದ ನಕಲು, ವೀಸಾ ಅರ್ಜಿಯ ಸಮಯ ನಿಗದಿ ಪತ್ರದ ನಕಲು